ಚಟ ಹಿಡಿಸುವುದು ನಿಕೋಟಿನ್, ಕ್ಯಾನ್ಸರ್ ತರುವುದು ಹೊಗೆ

(ಹುಣಸೂರಿನಲ್ಲಿ ಮಾಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತಂಬಾಕು ಬೆಳೆಯುವ ತಾಲ್ಲೂಕಿಗೆ ಬಂದು ತಂಬಾಕಿನ ಬಗ್ಗೆ ಮಾತಾಡುವುದು ಸ್ವಲ್ಪ ಮುಜುಗರದ ಕೆಲಸ. ಎಲೆ ಮುರಿಯುವುದು, ಒಣಗಿಸುವ ಬ್ಯಾರನ್‌ಗೆ ಏರಿಸುವುದು, ಹದ ನೋಡುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹಾಗಾಗಿ ನಿಮಗೆ ಗೊತ್ತಿರುವ ಒಂದು ವಿಷಯದಿಂದಲೇ ಶುರು ಮಾಡುತ್ತೇನೆ.

ಮಳೆ ಬಂದು ನಿಂತ ಮೇಲೆ, ಇಲ್ಲವೇ ಬೆಳಗಿನ ಇಬ್ಬನಿಯಲ್ಲಿ ಹಸಿ ಎಲೆ ಮುರಿದವರಿಗೆ ಕೆಲವು ಸಲ ತಲೆ ಸುತ್ತುತ್ತದೆ. ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ, ಮೈ ಬೆವರುತ್ತದೆ. ಬಿಸಿಲಿಗೆ ಹೀಗಾಯ್ತು ಅಂತ ಅನೇಕರು ಅಂದುಕೊಳ್ಳುತ್ತಾರೆ. ಆದರೆ ಇದಕ್ಕೊಂದು ಹೆಸರೇ ಇದೆ: ಹಸಿರು ತಂಬಾಕು ಕಾಯಿಲೆ. ಎಲೆಯ ಮೇಲಿನ ನೀರಿನಲ್ಲಿ ನಿಕೋಟಿನ್ ಕರಗುತ್ತದೆ. ಒದ್ದೆ ಬಟ್ಟೆ, ಒದ್ದೆ ಕೈಗಳಿಂದ ಚರ್ಮದ ಒಳಗೆ ಇಳಿಯುತ್ತದೆ. ಒಂದೆರಡು ದಿನದಲ್ಲಿ ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ಕೈಗವಸು ಹಾಕಿಕೊಂಡು, ಎಲೆ ಒಣಗಿದ ಮೇಲೆ ಮುರಿದರೆ ಬಹುಮಟ್ಟಿಗೆ ಬರುವುದೇ ಇಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಇಲ್ಲಿ ಬೆಂಕಿ ಇಲ್ಲ, ಹೊಗೆ ಇಲ್ಲ. ಮೈಗೆ ಸೇರಿದ್ದು ಹೆಚ್ಚೂಕಮ್ಮಿ ನಿಕೋಟಿನ್ ಮಾತ್ರ. ನಿಕೋಟಿನ್ ಒಂದೇ ಜಾಸ್ತಿಯಾದರೆ ಮೈಯಲ್ಲಿ ಏನಾಗುತ್ತದೆ ಅನ್ನುವುದು ಈ ಕಾಯಿಲೆಯಲ್ಲಿ ಕಾಣುತ್ತದೆ. ಅದು ವಿಷವೇ, ಅದರಲ್ಲಿ ಅನುಮಾನ ಬೇಡ. ಹಿಂದೆ ಅದನ್ನು ಹೊಲಕ್ಕೆ ಹುಳದ ಔಷಧಿಯಾಗಿ ಹೊಡೆಯುತ್ತಿದ್ದರು. ಆದರೆ "ವಿಷ" ಅನ್ನುವುದು ಬೇರೆ, "ಕ್ಯಾನ್ಸರ್ ತರುತ್ತದೆ" ಅನ್ನುವುದು ಬೇರೆ. ಈ ಎರಡನ್ನೂ ನಾವು ಒಂದೇ ಮೂಟೆಗೆ ಕಟ್ಟಿದ್ದೇವೆ. ಇವತ್ತು ಆ ಗಂಟು ಬಿಚ್ಚೋಣ.

ಇದು ಓದು ಬರಹ ಇಲ್ಲದವರ ತಪ್ಪು ತಿಳಿವಳಿಕೆ ಅಂತ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ವೈದ್ಯರನ್ನು ಕೇಳಿ ಮಾಡಿದ ಒಂದು ಸಮೀಕ್ಷೆ 2020ರ ಸುಮಾರಿಗೆ ಪ್ರಕಟವಾಯಿತು. ನಿಕೋಟಿನ್ನೇ ನೇರವಾಗಿ ಕ್ಯಾನ್ಸರ್ ತರುತ್ತದೆ ಎಂದು ಸುಮಾರು ಶೇಕಡ 80ರಷ್ಟು ವೈದ್ಯರು ಖಚಿತವಾಗಿ ಒಪ್ಪಿದ್ದರು. ವೈದ್ಯರೇ ಹೀಗಂದರೆ ಉಳಿದವರ ಪಾಡೇನು, ಅಲ್ವಾ? ಯಾವ ವಸ್ತು ಕ್ಯಾನ್ಸರ್ ತರುತ್ತದೆ ಅಂತ ತೂಗಿ ನೋಡುವ ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯೊಂದು ಫ್ರಾನ್ಸಿನಲ್ಲಿದೆ. ತಂಬಾಕಿನ ಹೊಗೆ ಅದರ ಮೊದಲ ಗುಂಪಿನಲ್ಲಿದೆ, ಅಂದರೆ ಮನುಷ್ಯರಿಗೆ ಖಂಡಿತ ಕ್ಯಾನ್ಸರ್ ತರುವವುಗಳ ಗುಂಪಿನಲ್ಲಿ. ಬಾಯಿಗೆ ಹಾಕುವ ತಂಬಾಕೂ ಅಲ್ಲೇ ಇದೆ. ಬರೀ ಅಡಿಕೆಯೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆ ಪಟ್ಟಿಯಲ್ಲಿ ನಿಕೋಟಿನ್ ಇಲ್ಲ.

ಹಾಗಾದರೆ ನಿಕೋಟಿನ್ ಮಾಡುವುದೇನು?

ಒಂದು ಸಿಗರೇಟಿನ ತಂಬಾಕಿನಲ್ಲಿ ಸುಮಾರು 10 ಮಿಲಿಗ್ರಾಂ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ನಿಕೋಟಿನ್ ಇರುತ್ತದೆ. ಹೆಚ್ಚಿನದು ಸುಟ್ಟುಹೋಗುತ್ತದೆ, ಗಾಳಿಗೆ ಹೋಗುತ್ತದೆ. ಸೇದಿದವರ ರಕ್ತಕ್ಕೆ ಸೇರುವುದು ಸುಮಾರು ಒಂದು, ಒಂದೂವರೆ ಮಿಲಿಗ್ರಾಂ. ಶ್ವಾಸಕೋಶದಿಂದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಅಲ್ಲಿನ ಕೆಲವು ನರಕೋಶಗಳನ್ನು ಕೆಣಕಿ ಡೋಪಮಿನ್ ಅನ್ನುವ ರಾಸಾಯನಿಕ ಬಿಡಿಸುತ್ತದೆ. ಹಿತ ಅನ್ನಿಸುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ, ಕೈ ಮತ್ತೆ ಜೇಬಿಗೆ ಹೋಗುತ್ತದೆ. ಚಟ ಅಂದರೆ ಇದೇ. ಜೊತೆಗೆ ಎದೆಬಡಿತ, ರಕ್ತದೊತ್ತಡ ಸ್ವಲ್ಪ ಏರುತ್ತವೆ. ಗರ್ಭಿಣಿಯ ಹೊಟ್ಟೆಯಲ್ಲಿರುವ ಮಗುವಿಗೆ, ಇನ್ನೂ ಬೆಳೆಯುತ್ತಿರುವ ಹುಡುಗರ ಮಿದುಳಿಗೆ ಅದು ಒಳ್ಳೆಯದಲ್ಲ.

ಆಮೇಲೆ ಪಿತ್ತಜನಕಾಂಗ ಅದರಲ್ಲಿ ಬಹುಪಾಲನ್ನು ಕೋಟಿನಿನ್ ಅನ್ನುವ ವಸ್ತುವಾಗಿ ಬದಲಾಯಿಸುತ್ತದೆ, ಅದು ಮೂತ್ರದಲ್ಲಿ ಹೋಗುತ್ತದೆ. ವಿಮೆ ಮಾಡಿಸುವಾಗ "ನೀವು ಸೇದುತ್ತೀರಾ" ಅಂತ ಕೇಳಿ, ನಂಬದೆ ಮೂತ್ರ ಪರೀಕ್ಷೆಯನ್ನೂ ಮಾಡಿಸುತ್ತಾರಲ್ಲ, ಅಲ್ಲಿ ಹುಡುಕುವುದು ಈ ಕೋಟಿನಿನ್ನನ್ನೇ. ಬೀಡಿ ಬಿಟ್ಟು ನಿಕೋಟಿನ್ ಗಮ್ ಅಗಿಯುತ್ತಿರುವವರೂ ಆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ ಅನ್ನುವುದು ಒಂದು ತಮಾಷೆ.

ಈಗ ಹೊಗೆಗೆ ಬರೋಣ. ಸಿಗರೇಟಿನ ತುದಿಯ ಕೆಂಡ, ದಮ್ಮು ಎಳೆಯುವಾಗ ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ನಿಕೋಟಿನ್ 247 ಡಿಗ್ರಿಗೇ ಕುದಿಯುವ ವಸ್ತು. ಹಾಗಾಗಿ ಕೆಂಡ ಹತ್ತಿರ ಬರುವ ಮೊದಲೇ ಅದರಲ್ಲಿ ಒಂದಿಷ್ಟು ಆವಿಯಾಗಿ ಹೊಗೆ ಸೇರುತ್ತದೆ. ಅದು ಎಲೆಯಲ್ಲಿ ಮೊದಲೇ ಇದ್ದದ್ದು. ಆದರೆ ಹೊಗೆಯಲ್ಲಿರುವ ಉಳಿದ ಸಾವಿರಾರು ವಸ್ತುಗಳಲ್ಲಿ ಬಹಳಷ್ಟು ಎಲೆಯಲ್ಲಿ ಇರಲೇ ಇಲ್ಲ. ಅವು ಹುಟ್ಟಿದ್ದೇ ಅರೆಬರೆ ಉರಿಯುವ ಬೆಂಕಿಯಲ್ಲಿ. ಈವರೆಗೆ 7000ಕ್ಕೂ ಹೆಚ್ಚು ವಸ್ತುಗಳನ್ನು ಗುರುತಿಸಿದ್ದಾರೆ. ಅದರಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಬೆಂಜೀನ್, ಫಾರ್ಮಾಲ್ಡಿಹೈಡ್, ಕ್ಯಾಡ್ಮಿಯಂ, ಹೀಗೆ ಹೋಗುತ್ತದೆ ಪಟ್ಟಿ. ಪಟ್ಟಿ ಓದಿದರೆ ಯಾರಿಗೂ ಏನೂ ಹತ್ತುವುದಿಲ್ಲ. ಹಾಗಾಗಿ ಒಂದನ್ನು ಮಾತ್ರ ಹಿಡಿದು ಕೊನೆಯವರೆಗೆ ಹೋಗೋಣ. ಅದರ ಹೆಸರು ಬೆಂಜೋಪೈರೀನ್.

ಇದರ ಕಥೆ ಸಿಗರೇಟಿನಿಂದ ಶುರುವಾಗುವುದಿಲ್ಲ. 1775ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ, ಮನೆಗಳ ಹೊಗೆಗೂಡು ಗುಡಿಸುವವರಿಗೆ ವೃಷಣದ ಚೀಲದ ಚರ್ಮದಲ್ಲಿ ಕ್ಯಾನ್ಸರ್ ಬರುವುದನ್ನು ಬರೆದಿಟ್ಟ. ಚಿಕ್ಕ ಹುಡುಗರಾಗಿದ್ದಾಗಲೇ ಅವರನ್ನು ಇಕ್ಕಟ್ಟಾದ ಹೊಗೆಗೂಡಿನೊಳಗೆ ಇಳಿಸುತ್ತಿದ್ದರು. ಚರ್ಮದ ಮಡಿಕೆಗಳಲ್ಲಿ ಮಸಿ ಕೂತುಬಿಡುತ್ತಿತ್ತು. ಅಲ್ಲಿದ್ದದ್ದು ಕಲ್ಲಿದ್ದಲಿನ ಮಸಿ. ತಂಬಾಕೂ ಇಲ್ಲ, ನಿಕೋಟಿನ್ನೂ ಇಲ್ಲ. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಎಂಬ ಇಬ್ಬರು ಮೊಲಗಳ ಕಿವಿಗೆ ಕಲ್ಲಿದ್ದಲಿನ ಟಾರನ್ನು ತಿಂಗಳುಗಟ್ಟಲೆ ಸವರಿ ಕ್ಯಾನ್ಸರ್ ತರಿಸಿ ತೋರಿಸಿದರು. ಆ ಟಾರಿನಲ್ಲಿ ಕೆಲಸ ಮಾಡುತ್ತಿರುವುದು ಯಾವುದು ಅಂತ ಹುಡುಕುತ್ತಾ ಹೋಗಿ, 1930ರ ದಶಕದಲ್ಲಿ ಬ್ರಿಟಿಷ್ ವಿಜ್ಞಾನಿಗಳು ಟನ್‌ಗಟ್ಟಲೆ ಟಾರನ್ನು ಶೋಧಿಸಿ ಬೆಂಜೋಪೈರೀನನ್ನು ಹೊರತೆಗೆದರು. ಆಮೇಲೆ 1953ರಲ್ಲಿ ಅಮೆರಿಕದ ಅರ್ನ್ಸ್ಟ್ ವಿಂಡರ್ ಮತ್ತು ಎವಾರ್ಟ್ಸ್ ಗ್ರಹಾಂ, ಸಿಗರೇಟ್ ಹೊಗೆಯ ಟಾರನ್ನು ಇಲಿಗಳ ಬೆನ್ನಿಗೆ ಸವರಿದರು. ಸುಮಾರು ಶೇಕಡ 44ರಷ್ಟು ಇಲಿಗಳಿಗೆ ಚರ್ಮದ ಕ್ಯಾನ್ಸರ್ ಬಂತು.

ನಮ್ಮ ಹಳೇ ಅಡುಗೆಮನೆಗಳ ಅಟ್ಟದಲ್ಲಿ ಜಿಡ್ಡುಜಿಡ್ಡಾಗಿ ಕಟ್ಟುತ್ತಿದ್ದ ಇಲ್ಲಣವೂ ಇದೇ ಕುಲದ್ದು. ಏನನ್ನೇ ಅರೆಬರೆ ಸುಡಿ, ಸೌದೆ, ಎಲೆ, ಬೆರಣಿ, ಕಾಗದ, ಬೆಂಜೋಪೈರೀನ್ ಹುಟ್ಟುತ್ತದೆ.

ಒಂದು ಸಿಗರೇಟಿನ ಹೊಗೆಯಲ್ಲಿ ಇದು ಇರುವುದು ಸುಮಾರು ಹತ್ತು ನ್ಯಾನೋಗ್ರಾಂ. ಅಂದರೆ ಅದೇ ಹೊಗೆಯಲ್ಲಿರುವ ನಿಕೋಟಿನ್‌ನ ಲಕ್ಷದಲ್ಲೊಂದು ಭಾಗ. ಇಷ್ಟು ಕಮ್ಮಿ ಇದ್ದೂ ಏನು ಮಾಡುತ್ತದೆ? ಇದು ನೀರಿನಲ್ಲಿ ಕರಗದ ವಸ್ತು. ಹೊರಗೆ ಹಾಕಬೇಕಾದರೆ ದೇಹ ಅದನ್ನು ಮೊದಲು ನೀರಿನಲ್ಲಿ ಕರಗುವ ಹಾಗೆ ಮಾಡಬೇಕು. ಶ್ವಾಸಕೋಶದ ಕಿಣ್ವಗಳು ಆ ಕೆಲಸಕ್ಕೆ ಕೈ ಹಾಕುತ್ತವೆ. ನಡುದಾರಿಯಲ್ಲಿ ಅದು ತುಂಬಾ ಚುರುಕಾದ ಒಂದು ರೂಪಕ್ಕೆ ತಿರುಗುತ್ತದೆ. ಆ ರೂಪ ಹೋಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಡಿಎನ್‌ಎ ನಾಲ್ಕು ಅಕ್ಷರಗಳ ಬರಹ ಅಂತ ನೀವು ಕೇಳಿರುತ್ತೀರಿ. ಇದು ಅಂಟುವುದು ಜಿ ಅನ್ನುವ ಅಕ್ಷರಕ್ಕೆ. ಜೀವಕೋಶ ಎರಡಾಗುವಾಗ ಆ ಬರಹವನ್ನು ನಕಲು ಮಾಡಬೇಕಲ್ಲ, ಆಗ ಅಂಟು ಹತ್ತಿದ ಜಿ ಸರಿಯಾಗಿ ಓದಿಸಿಕೊಳ್ಳುವುದಿಲ್ಲ. ಅದರ ಜಾಗದಲ್ಲಿ ಟಿ ಬಂದು ಕೂರುತ್ತದೆ.

ಈ ತಪ್ಪು ಎಲ್ಲೋ ಮೂಲೆಯಲ್ಲಿ ಆದರೆ ತೊಂದರೆ ಇಲ್ಲ. ಆದರೆ ಪಿ53 ಅನ್ನುವ ಒಂದು ಜೀನ್ ಇದೆ. ಹಾಳಾದ ಜೀವಕೋಶ ಬೆಳೆಯದ ಹಾಗೆ ತಡೆಯುವುದು ಅದರ ಕೆಲಸ. 1996ರಲ್ಲಿ ಗೆರ್ಡ್ ಫೈಫರ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಮಾನವ ಜೀವಕೋಶಗಳಿಗೆ ಬೆಂಜೋಪೈರೀನ್‌ನ ಈ ಚುರುಕು ರೂಪವನ್ನು ಹಾಕಿ, ಅದು ಪಿ53ರಲ್ಲಿ ಎಲ್ಲೆಲ್ಲಿ ಅಂಟುತ್ತದೆ ಅಂತ ಗುರುತು ಹಾಕಿದರು. 157, 248, 273ನೇ ಜಾಗಗಳಲ್ಲಿ ಜಾಸ್ತಿ ಅಂಟಿತ್ತು. ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಗಳಲ್ಲಿ ಪಿ53 ಪದೇಪದೇ ಕೆಟ್ಟಿರುವುದೂ ಇದೇ ಜಾಗಗಳಲ್ಲಿ. ನನಗಂತೂ ಇಡೀ ತಂಬಾಕು ಸಂಶೋಧನೆಯಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ ಅನ್ನಿಸುತ್ತದೆ. ಕೆಲಸ ಮಾಡಿದವನ ಬೆರಳಚ್ಚೇ ಸಿಕ್ಕಿಬಿಟ್ಟಿತು.

ಸಿಗರೇಟಿನ ವಿಷಯದಲ್ಲಿ "ಟಾರ್" ಅಂದರೆ ನಿಖರವಾಗಿ ಏನು ಅನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಕಥೆ ಇದರ ಮೇಲೇ ನಿಂತಿದೆ. ಒಂದು ಯಂತ್ರಕ್ಕೆ ಸಿಗರೇಟ್ ಸಿಕ್ಕಿಸುತ್ತಾರೆ. ಅದು ನಿಮಿಷಕ್ಕೊಂದು ಸಲ, ಎರಡು ಸೆಕೆಂಡ್ ಕಾಲ, 35 ಮಿಲಿಲೀಟರಿನ ಒಂದು ದಮ್ಮು ಎಳೆಯುತ್ತದೆ. ಹೊಗೆ ಒಂದು ಗಾಜಿನ ನಾರಿನ ಬಿಲ್ಲೆಯ ಮೂಲಕ ಹಾದುಹೋಗುತ್ತದೆ. ಬಿಲ್ಲೆಗೆ ಕಂದು ಬಣ್ಣದ ಜಿಡ್ಡು ಹಿಡಿಯುತ್ತದೆ. ಅದನ್ನು ತೂಗಿ, ಅದರಲ್ಲಿ ನೀರೆಷ್ಟಿದೆ, ನಿಕೋಟಿನ್ ಎಷ್ಟಿದೆ ಅಂತ ಅಳೆದು ಎರಡನ್ನೂ ಕಳೆಯುತ್ತಾರೆ. ಉಳಿದದ್ದೇ ಟಾರ್. ನೋಡಿ, ಲೆಕ್ಕದಲ್ಲೇ ನಿಕೋಟಿನ್ನನ್ನು ಹೊರಗಿಟ್ಟಿದ್ದಾರೆ. ಇಂಗಾಲದ ಮಾನಾಕ್ಸೈಡ್‌ನಂಥ ಅನಿಲಗಳು ಬಿಲ್ಲೆಗೆ ಸಿಗುವುದೇ ಇಲ್ಲ, ಅವು ಟಾರಿನ ಲೆಕ್ಕಕ್ಕೂ ಬರುವುದಿಲ್ಲ. ಹೃದಯಕ್ಕೆ ದೊಡ್ಡ ಏಟು ಕೊಡುವುದರಲ್ಲಿ ಅವುಗಳ ಪಾಲೂ ಇದೆ.

ಈಗ ಆ ಕಥೆ. 1950ರ ದಶಕದಲ್ಲಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು ಬಯಲಾದ ಮೇಲೆ ಕಂಪನಿಗಳು ಫಿಲ್ಟರ್ ತಂದವು. ಆಮೇಲೆ "ಲೈಟ್" ಸಿಗರೇಟ್ ಬಂತು. ಅದರ ಗುಟ್ಟು ಇಷ್ಟೇ: ಫಿಲ್ಟರಿನ ಸುತ್ತ ಇರುವ ಕಾಗದದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಒಂದು ಸಾಲು. ದಮ್ಮು ಎಳೆದಾಗ ತೂತಿನಿಂದ ಗಾಳಿ ಬೆರೆತು ಹೊಗೆ ತೆಳುವಾಗುತ್ತದೆ. ಯಂತ್ರ ಅಳೆದಾಗ ಟಾರೂ ಕಮ್ಮಿ, ನಿಕೋಟಿನ್ನೂ ಕಮ್ಮಿ.

ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಅಂಕಿ ಹಾಕುತ್ತೇನೆ. ಅವನು ದಿನಕ್ಕೆ ಹತ್ತು ಸಿಗರೇಟ್ ಸೇದುತ್ತಿದ್ದ. ಒಂದೊಂದರಲ್ಲೂ ಒಂದು ಮಿಲಿಗ್ರಾಂ ನಿಕೋಟಿನ್, 12 ಮಿಲಿಗ್ರಾಂ ಟಾರ್. ದಿನಕ್ಕೆ 10 ಮಿಲಿಗ್ರಾಂ ನಿಕೋಟಿನ್, 120 ಮಿಲಿಗ್ರಾಂ ಟಾರ್ ಆಯಿತು. ಹೆದರಿಕೊಂಡು ಲೈಟ್‌ಗೆ ಬದಲಾದ. ಅದರಲ್ಲಿ ಯಂತ್ರದ ಪ್ರಕಾರ ಅರ್ಧ ಮಿಲಿಗ್ರಾಂ ನಿಕೋಟಿನ್, 6 ಮಿಲಿಗ್ರಾಂ ಟಾರ್. ಹತ್ತು ಸೇದಿದರೆ ಟಾರ್ 60ಕ್ಕೆ ಇಳಿಯಬೇಕು, ಅಲ್ವಾ?

ಇಳಿಯುವುದಿಲ್ಲ. ಅವನ ಮಿದುಳಿಗೆ ಬೇಕಾದ್ದು 10 ಮಿಲಿಗ್ರಾಂ ನಿಕೋಟಿನ್. ಅದು ಐದಕ್ಕೆ ಇಳಿದರೆ ಸುಮ್ನೆ ಕೂರುವುದಿಲ್ಲ. ಅವನಿಗೆ ಗೊತ್ತಿಲ್ಲದ ಹಾಗೆಯೇ ದಮ್ಮು ಉದ್ದವಾಗುತ್ತದೆ. ನಿಮಿಷಕ್ಕೊಂದು ಇದ್ದದ್ದು ಎರಡಾಗುತ್ತದೆ. ಹೊಗೆಯನ್ನು ಒಳಗೆ ಜಾಸ್ತಿ ಹೊತ್ತು ಹಿಡಿಯುತ್ತಾನೆ. ತುಟಿಯಿಂದಲೋ ಬೆರಳಿನಿಂದಲೋ ಆ ತೂತುಗಳು ಮುಚ್ಚಿಹೋಗುತ್ತವೆ. ಯಂತ್ರಕ್ಕೆ ತುಟಿಯೂ ಇಲ್ಲ, ಬೆರಳೂ ಇಲ್ಲ, ಚಟವಂತೂ ಇಲ್ಲವೇ ಇಲ್ಲ. ಅವನು 10 ಮಿಲಿಗ್ರಾಂ ನಿಕೋಟಿನ್ ಗಿಟ್ಟಿಸಿಕೊಳ್ಳುವ ಹೊತ್ತಿಗೆ, ಪ್ರತಿ ಮಿಲಿಗ್ರಾಂ ಜೊತೆ 12 ಮಿಲಿಗ್ರಾಂ ಟಾರ್ ಬಂದೇ ಬಂದಿರುತ್ತದೆ. ಮತ್ತೆ ಅದೇ 120.

ಪೊಟ್ಟಣದ ಮೇಲಿನ ಅಂಕಿ ಅರ್ಧವಾಯಿತು, ಎದೆಯೊಳಗಿನ ಲೆಕ್ಕ ಹಾಗೇ ಉಳಿಯಿತು. ಬದಲಾದದ್ದು ಒಂದೇ: ಆಳಕ್ಕೆ ಎಳೆದ ಹೊಗೆ ಶ್ವಾಸಕೋಶದ ತುದಿಯವರೆಗೆ ಹೋಗತೊಡಗಿತು. ಅಂಚಿನ ಭಾಗದಲ್ಲಿ ಹುಟ್ಟುವ ಅಡಿನೋಕಾರ್ಸಿನೋಮಾ ಅನ್ನುವ ಬಗೆಯ ಕ್ಯಾನ್ಸರ್ ಜಾಸ್ತಿಯಾಯಿತು. ಸಿಗರೇಟಿನ ವಿನ್ಯಾಸ ಬದಲಾದದ್ದೇ ಇದಕ್ಕೆ ಕಾರಣ ಎಂದು ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಮುಖ್ಯಸ್ಥರಾದ ಸರ್ಜನ್ ಜನರಲ್ 2014ರ ವರದಿಯಲ್ಲಿ ಹೇಳಿದ್ದಾರೆ. "ಲೈಟ್", "ಮೈಲ್ಡ್" ಅನ್ನುವ ಪದಗಳನ್ನು ಅಲ್ಲಿ 2010ರಲ್ಲೇ ಪೊಟ್ಟಣದಿಂದ ತೆಗೆಸಿದ್ದರು.

ಮೈಕೆಲ್ ರಸೆಲ್ ಎಂಬ ಬ್ರಿಟನ್ನಿನ ಮನೋವೈದ್ಯರು ಇದನ್ನೆಲ್ಲ ಮುಂಚೆಯೇ ಕಂಡಿದ್ದರು. 1976ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರು ಬರೆದದ್ದರ ತಾತ್ಪರ್ಯ ಇಷ್ಟು: ಜನ ಸೇದುವುದು ನಿಕೋಟಿನ್‌ಗಾಗಿ, ಸಾಯುವುದು ಟಾರಿನಿಂದ. ಎರಡನ್ನೂ ಒಟ್ಟಿಗೆ ಕಮ್ಮಿ ಮಾಡಿದರೆ ಪ್ರಯೋಜನವಿಲ್ಲ, ಅವೆರಡರ ಜೋಡಿ ಬಿಡಿಸಬೇಕು ಅನ್ನುವುದು ಅವರ ವಾದ.

ಇದರ ತಿರುಗುಮುರುಗು ಉದಾಹರಣೆಯೂ ಇದೆ. 2021ರ ಕೊನೆಯಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಂದು ಸಿಗರೇಟಿಗೆ ವಿಶೇಷ ಅನುಮತಿ ಕೊಟ್ಟರು. ಅದರಲ್ಲಿ ನಿಕೋಟಿನ್ ಶೇಕಡ 95ರಷ್ಟು ಕಮ್ಮಿ. "ಇದು ಕಮ್ಮಿ ಸೇದಲು ಸಹಾಯ ಮಾಡುತ್ತದೆ" ಅಂತ ಹೇಳಿಕೊಳ್ಳಬಹುದು ಅಂದರು. ಕ್ಯಾನ್ಸರ್ ಕಮ್ಮಿ ಅಂತ ಹೇಳಿಕೊಳ್ಳಲು ಬಿಡಲಿಲ್ಲ. ಯಾಕೆಂದರೆ ಎಲೆ ಅದೇ, ಬೆಂಕಿ ಅದೇ, ಟಾರೂ ಅದೇ. ಆದರೂ ಇಂಥ ಸಿಗರೇಟುಗಳ ಬಗ್ಗೆ ಜನರನ್ನು ಕೇಳಿದಾಗ ಬಹಳಷ್ಟು ಮಂದಿ "ನಿಕೋಟಿನ್ ಇಲ್ಲ ಅಂದ್ಮೇಲೆ ಕ್ಯಾನ್ಸರ್ ಬರಲ್ಲ" ಅಂದುಕೊಂಡಿದ್ದರು. ನಿಕೋಟಿನ್ ಒಂದರ ಮೇಲೆ ತಪ್ಪು ಹೊರಿಸುವುದರ ಅಪಾಯ ಇಲ್ಲಿದೆ. ನಮ್ಮಲ್ಲಿ ತುಳಸಿ, ಚಕ್ಕೆ ಅಂತ ಏನೇನೋ ತುಂಬಿ "ನಿಕೋಟಿನ್ ಇಲ್ಲದ ಗಿಡಮೂಲಿಕೆ ಸಿಗರೇಟ್" ಅಂತ ಮಾರುವುದೂ ಇದೇ ನಂಬಿಕೆಯ ಮೇಲೆ. ತುಳಸಿಯನ್ನು ಸುಟ್ಟರೂ ಬೆಂಜೋಪೈರೀನ್ ಬರುತ್ತದೆ.

ಇಷ್ಟು ಹೇಳಿದ ಮೇಲೆ ನಿಕೋಟಿನ್‌ಗೆ ಪೂರ್ತಿ ಖುಲಾಸೆ ಕೊಟ್ಟುಬಿಟ್ಟೆ ಅಂದುಕೊಳ್ಳಬೇಡಿ. ಒಂದು ತೊಡಕು ಇದೆ, ಮತ್ತು ಅದು ನಿಮ್ಮ ಬ್ಯಾರನ್‌ಗೆ ಸಂಬಂಧಪಟ್ಟದ್ದು.

ಎಲೆ ಒಣಗಿಸುವಾಗ, ಕೊಳೆಹಾಕಿ ಹದ ಮಾಡುವಾಗ, ನಿಕೋಟಿನ್ ಮತ್ತು ಅದರ ಒಡಹುಟ್ಟುಗಳು ನೈಟ್ರೈಟ್ ಜೊತೆ ಸೇರಿ ಹೊಸ ವಸ್ತುಗಳಾಗುತ್ತವೆ. ಅವುಗಳಲ್ಲಿ ಎರಡು ಮುಖ್ಯ: ಎನ್‌ಎನ್‌ಕೆ ಮತ್ತು ಎನ್‌ಎನ್‌ಎನ್. ಇವು ಕ್ಯಾನ್ಸರ್ ತರುವವು, ಮೊದಲ ಗುಂಪಿನಲ್ಲೇ ಇವೆ. ಅಂದರೆ ನಿಕೋಟಿನ್ ತಾನು ಕ್ಯಾನ್ಸರ್ ತರದಿದ್ದರೂ, ಎಲೆಯೊಳಗೇ ಅದರಿಂದ ಕ್ಯಾನ್ಸರ್ ತರುವ ವಸ್ತು ಹುಟ್ಟಬಲ್ಲದು. ಎಷ್ಟು ಹುಟ್ಟುತ್ತದೆ ಅನ್ನುವುದು ಎಲೆಯನ್ನು ಹೇಗೆ ನಡೆಸಿಕೊಂಡಿರಿ ಅನ್ನುವುದರ ಮೇಲಿದೆ. ಬ್ಯಾಕ್ಟೀರಿಯಾ ಬೆಳೆಯಲು ಬಿಟ್ಟರೆ ನೈಟ್ರೈಟ್ ಜಾಸ್ತಿ. ಉರಿಯಿಂದ ಬರುವ ಅನಿಲ ನೇರವಾಗಿ ಎಲೆಗೆ ತಗುಲಿದರೂ ಜಾಸ್ತಿ. ಅಮೆರಿಕದ ರೈತರು ಬ್ಯಾರನ್ ಒಳಗೇ ಗ್ಯಾಸ್ ಉರಿಸಲು ಶುರು ಮಾಡಿದ ಮೇಲೆ ಹೀಗೇ ಆಯಿತು. 2000ದ ಆಸುಪಾಸಿನಲ್ಲಿ ಅವರು ಬಿಸಿಗಾಳಿ ಮಾತ್ರ ಒಳಗೆ ಹೋಗುವ ಹಾಗೆ ಬ್ಯಾರನ್‌ಗಳನ್ನು ಬದಲಾಯಿಸಿಕೊಂಡರು, ಅಂಶ ಬಹಳ ಇಳಿಯಿತು. ನಿಮ್ಮ ಬ್ಯಾರನ್‌ನಲ್ಲಿ ಸೌದೆಯ ಹೊಗೆ ಕೊಳವೆಯೊಳಗೇ ಹರಿದು ಹೊರಗೆ ಹೋಗುತ್ತದೆ, ಎಲೆಗೆ ಸಿಗುವುದು ಕಾವು ಮಾತ್ರ. ಕೊಳವೆ ತೂತು ಬಿದ್ದರೆ ಎಲೆಯ ಬಣ್ಣ ಮಾತ್ರ ಕೆಡುತ್ತದೆ ಅಂದುಕೊಳ್ಳಬೇಡಿ.

ಇದು ಯಾಕೆ ಮುಖ್ಯ ಅನ್ನುವುದಕ್ಕೆ ಸ್ವೀಡನ್ ನೋಡಿ. ಅಲ್ಲಿನ ಗಂಡಸರು ಸ್ನೂಸ್ ಅನ್ನುವ ತಂಬಾಕನ್ನು ತುಟಿಯ ಹಿಂದೆ ಇಟ್ಟುಕೊಳ್ಳುತ್ತಾರೆ. ಅದನ್ನು ಕೊಳೆಹಾಕುವುದಿಲ್ಲ, ಬಿಸಿ ಮಾಡಿ ಬ್ಯಾಕ್ಟೀರಿಯಾ ಕೊಲ್ಲುತ್ತಾರೆ. ಎನ್‌ಎನ್‌ಎನ್ ಬಹಳ ಕಮ್ಮಿ. ಯುರೋಪಿನ ಒಕ್ಕೂಟದಲ್ಲಿ ಗಂಡಸರ ಶ್ವಾಸಕೋಶದ ಕ್ಯಾನ್ಸರ್ ತೀರಾ ಕಮ್ಮಿ ಇರುವ ದೇಶ ಸ್ವೀಡನ್. ಅಲ್ಲಿ ಬೆಂಕಿ ಹಚ್ಚಿ ಸೇದುವವರು ಕಮ್ಮಿ ಅನ್ನುವುದೇ ಅದಕ್ಕೆ ಕಾರಣ. ಇನ್ನೊಂದು ಕಡೆ ಸುಡಾನಿನ ತೂಂಬಾಕ್. ಅದನ್ನೂ ಬಾಯಲ್ಲೇ ಇಟ್ಟುಕೊಳ್ಳುತ್ತಾರೆ, ಅದರಲ್ಲೂ ನಿಕೋಟಿನ್ ಇದೆ. ಆದರೆ ಎನ್‌ಎನ್‌ಎನ್ ಸ್ನೂಸ್‌ಗಿಂತ ನೂರಾರು ಪಟ್ಟು ಜಾಸ್ತಿ, ಬಾಯಿಯ ಕ್ಯಾನ್ಸರೂ ಜಾಸ್ತಿ. ನಮ್ಮ ಖೈನಿ, ಜರ್ದಾ ಸ್ನೂಸ್‌ನ ಪಂಕ್ತಿಯಲ್ಲಿ ಕೂರುವಂಥವಲ್ಲ. ಅವುಗಳಲ್ಲೂ ಈ ವಸ್ತುಗಳು ಜಾಸ್ತಿಯೇ ಇವೆ. "ಹೊಗೆ ಇಲ್ಲ, ಹಾಗಾಗಿ ಪರವಾಗಿಲ್ಲ" ಅನ್ನುವ ಮಾತು ಇವತ್ತಿನ ನನ್ನ ಮಾತಿನಿಂದ ಹೊರಡಬಾರದು.

ಈಗ ಈ ತಿಳಿವಳಿಕೆ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅನ್ನುವುದು. ಸೇದುವುದನ್ನು ಬಿಡಲು ಹೊರಟವರಿಗೆ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಕೊಡುತ್ತಾರೆ. ಗಮ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಜಲಾಂತರ್ಗಾಮಿಯಲ್ಲಿ ಸೇದಲಾಗದ ನಾವಿಕರು ಅಲ್ಲಿ ತಂಬಾಕು ಜಗಿಯುವುದಕ್ಕೆ ಹೊರಳುವುದನ್ನು ಕಂಡು, ಓವೆ ಫರ್ನೋ ಎಂಬ ರಸಾಯನ ವಿಜ್ಞಾನಿ ಅದನ್ನು ತಯಾರಿಸಿದರು. 2009ರಿಂದ ಇವು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಆದರೆ ಜನ ಕೇಳುವ ಮೊದಲ ಪ್ರಶ್ನೆ: "ಡಾಕ್ಟ್ರೇ, ಇದ್ರಲ್ಲೂ ನಿಕೋಟಿನ್ ಇದೆಯಲ್ಲ, ಕ್ಯಾನ್ಸರ್ ಬರಲ್ವಾ?" ಹೆದರಿಕೊಂಡು ಎರಡು ಮೂರು ಗಮ್ ಅಗಿದು ಬಿಡುತ್ತಾರೆ. ಮೂರು ತಿಂಗಳು ಅಗಿಯಿರಿ ಅಂದರೆ ಐದು ದಿನಕ್ಕೆ ನಿಲ್ಲಿಸುತ್ತಾರೆ. ತಲೆ ಕೆಡುತ್ತದೆ, ವಾಪಸ್ ಬೀಡಿಗೆ. ಗಮ್‌ನ ನಿಕೋಟಿನ್‌ಗೆ ಹೆದರಿ ಬೀಡಿಯ ನಿಕೋಟಿನ್ನನ್ನೂ ಅದರ ಜೊತೆ ಇಡೀ ಟಾರನ್ನೂ ಆರಿಸಿಕೊಳ್ಳುತ್ತಾರೆ. ಇದೆಂಥಾ ವ್ಯಾಪಾರ?

ಅಮೆರಿಕದ ಲಂಗ್ ಹೆಲ್ತ್ ಸ್ಟಡಿ ಎಂಬ ಅಧ್ಯಯನದಲ್ಲಿ ಗಮ್ ಬಳಸಿದವರನ್ನು ಏಳು ವರ್ಷಕ್ಕೂ ಹೆಚ್ಚು ಕಾಲ ನೋಡಿದರು. ಸೇದುವುದು ಶ್ವಾಸಕೋಶದ ಕ್ಯಾನ್ಸರನ್ನು ಜಾಸ್ತಿ ಮಾಡಿತ್ತು, ಗಮ್ ಮಾಡಿರಲಿಲ್ಲ. ಬಾಯಿಂದ ತೆಗೆದುಕೊಳ್ಳುವ ನಿಕೋಟಿನ್‌ನಿಂದ ಕೆಲವರ ದೇಹದಲ್ಲಿ ಆಗೀಗ ಎನ್‌ಎನ್‌ಎನ್ ಸ್ವಲ್ಪ ಹುಟ್ಟಿದ್ದೂ ಕಂಡಿದೆ, ಪ್ರಾಣಿಗಳಲ್ಲಿ ಮೊದಲೇ ಇರುವ ಗಡ್ಡೆಗೆ ನಿಕೋಟಿನ್ ಪುಷ್ಟಿ ಕೊಡಬಹುದು ಎಂಬ ಪ್ರಯೋಗಗಳೂ ಇವೆ. ಹಾಗಾಗಿ ಜೀವಮಾನವಿಡೀ ಅಗಿಯಿರಿ ಅಂತ ನಾನು ಹೇಳುವುದಿಲ್ಲ. ಮೂರು ತಿಂಗಳು ಅಗಿಯಲು ಹೆದರಬೇಡಿ ಅಂತ ಹೇಳುತ್ತೇನೆ.

ಅಗಿಯುವ ಕ್ರಮದಲ್ಲೇ ಹಲವರು ಎಡವುತ್ತಾರೆ. ಅದನ್ನು ಚೂಯಿಂಗ್ ಗಮ್ ಹಾಗೆ ಕಚಕಚ ಅಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಬಿಕ್ಕಳಿಕೆ, ಹೊಟ್ಟೆ ಉರಿ ಬರುತ್ತದೆ, ಕೆಲಸವೂ ಆಗುವುದಿಲ್ಲ. ನಿಧಾನಕ್ಕೆ ಅಗಿಯಬೇಕು. ಖಾರ ಖಾರ ಅನ್ನಿಸಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಖಾರ ಹೋದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ಅಗಿಯುವ ಕಾಲು ಗಂಟೆ ಮೊದಲಿನಿಂದ ಕಾಫಿ, ನಿಂಬೆ ಪಾನಕ, ಸೋಡಾ ಬೇಡ. ಯಾಕೆಂದರೆ ಬಾಯಿ ಹುಳಿಯಾದರೆ ನಿಕೋಟಿನ್ ಕೆನ್ನೆಯ ಮೂಲಕ ಒಳಗೆ ಇಳಿಯುವುದಿಲ್ಲ. ತಂಬಾಕಿಗೆ ಸುಣ್ಣ ತಿಕ್ಕಿ ಬಾಯಿಗಿಡುವವರಿಗೆ ಈ ರಸಾಯನ ವಿಜ್ಞಾನ ಯಾರೂ ಹೇಳಿಕೊಡಬೇಕಾಗಿಲ್ಲ. ಸುಣ್ಣ ಹುಳಿಯನ್ನು ಕೊಂದು ನಿಕೋಟಿನ್ನನ್ನು ಬಿಡಿಸಿಕೊಡುತ್ತದೆ. ಗಮ್‌ನೊಳಗೆ ಆ ಕೆಲಸಕ್ಕೆ ಸೋಡಾ ಪುಡಿಯ ಜಾತಿಯ ಉಪ್ಪು ಹಾಕಿರುತ್ತಾರೆ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

"ತಂಬಾಕು ಹಾಕದೆ ಬರೀ ಪಾನ್ ಮಸಾಲ ತಿಂದರೆ ತೊಂದರೆ ಇಲ್ಲ ತಾನೇ ಸಾರ್?" ಒಬ್ಬ ಯುವಕ ಕೇಳಿದ.

ಇದೆ. ಅಡಿಕೆಯೇ ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಅಂತ 2004ರಲ್ಲೇ ತೀರ್ಮಾನವಾಗಿದೆ. ಅದರಲ್ಲಿ ನಿಕೋಟಿನ್ ಒಂದು ಚೂರೂ ಇಲ್ಲ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಗೆ ನಾರು ಕಟ್ಟುತ್ತದೆ, ಬಾಯಿ ಪೂರ್ತಿ ತೆರೆಯಲು ಬರುವುದಿಲ್ಲ. ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯೊಳಗೆ ಹೋಗದಿದ್ದರೆ ದಂತವೈದ್ಯರಿಗೆ ತೋರಿಸಿ. ಅದು ಕ್ಯಾನ್ಸರಿಗೆ ಮೊದಲಿನ ಹಂತ ಇರಬಹುದು. ಅಡಿಕೆ ಬೆಳೆಗಾರರ ಮುಂದೆ ಇದನ್ನು ಹೇಳಿದಾಗ ನನಗೆ ಇಲ್ಲಿಗಿಂತ ಜಾಸ್ತಿ ಬೈಗುಳ ಸಿಕ್ಕಿದೆ.

"ಇ-ಸಿಗರೇಟಿನಲ್ಲಿ ಟಾರ್ ಇಲ್ಲ ಅಂದಮೇಲೆ ಅದನ್ನು ಯಾಕೆ ನಿಷೇಧ ಮಾಡಿದರು?"

ಅದರಲ್ಲಿ ಬೆಂಕಿ ಇಲ್ಲ, ಹಾಗಾಗಿ ಟಾರ್ ಇಲ್ಲ ಅನ್ನುವುದು ನಿಜ. ಆದರೆ ದ್ರವ ಕಾದಾಗ ಫಾರ್ಮಾಲ್ಡಿಹೈಡ್‌ನಂಥವು ಸ್ವಲ್ಪ ಹುಟ್ಟುತ್ತವೆ, ಹತ್ತಾರು ವರ್ಷ ಎಳೆದವರ ಲೆಕ್ಕ ಇನ್ನೂ ಯಾರ ಬಳಿಯೂ ಇಲ್ಲ. ನಮ್ಮ ರಾಜ್ಯ 2016ರಲ್ಲಿ, ದೇಶ 2019ರಲ್ಲಿ ನಿಷೇಧಿಸಿತು. ಸರ್ಕಾರದ ಮುಖ್ಯ ಚಿಂತೆ ಸೇದದ ಹುಡುಗರು ಚಟಕ್ಕೆ ಬೀಳುವುದು. ಬ್ರಿಟನ್ ಬೇರೆ ದಾರಿ ಹಿಡಿದು, ಸೇದುವವರು ಬಿಡಲು ಅದನ್ನೇ ಬಳಸಲಿ ಅಂದಿದೆ. ಎರಡೂ ಕಡೆ ವಾದ ಇದೆ. ನಮ್ಮಲ್ಲಿ ಕಾನೂನು ಒಪ್ಪುವ ಗಮ್ ಸಿಗುವಾಗ ಕದ್ದುಮುಚ್ಚಿ ಬರುವ, ಒಳಗೇನಿದೆ ಅಂತ ಗೊತ್ತಿಲ್ಲದ ಸಾಧನ ಯಾಕೆ ಅನ್ನುವುದು ನನ್ನ ಅಭಿಪ್ರಾಯ.

"ನಾನು ಸಿಗರೇಟ್ ಮುಟ್ಟಿದವನಲ್ಲ, ಬೀಡಿ ಮಾತ್ರ. ಅದರಲ್ಲಿ ಕಾಗದ ಇಲ್ಲ, ಕೆಮಿಕಲ್ ಇಲ್ಲ, ತಂಬಾಕೂ ಒಂದು ಚಿಟಿಕೆ" ಅಂದವರು ಒಬ್ಬ ಹಿರಿಯರು.

ಚಿಟಿಕೆ ಅನ್ನುವುದು ನಿಜ ಯಜಮಾನ್ರೇ, ಸಿಗರೇಟಿನಲ್ಲಿ ಇರುವುದರ ಕಾಲು ಭಾಗದ ಆಸುಪಾಸು ಅಷ್ಟೇ. ಆದರೆ ಬೀಡಿ ಎಲೆಯಲ್ಲಿ ಗಾಳಿ ಸರಿಯಾಗಿ ಆಡುವುದಿಲ್ಲ. ಬಿಟ್ಟರೆ ಆರಿಹೋಗುತ್ತದೆ ಅಂತ ನೀವು ಬಿಡದೆ ಎಳೆಯುತ್ತೀರಿ. ಫಿಲ್ಟರೂ ಇಲ್ಲ. ಅಳೆದು ನೋಡಿದವರಿಗೆ ಬೀಡಿಯ ಹೊಗೆಯಲ್ಲಿ ಟಾರ್, ಇಂಗಾಲದ ಮಾನಾಕ್ಸೈಡ್ ಎರಡೂ ಸಿಗರೇಟಿಗಿಂತ ಕಮ್ಮಿ ಸಿಕ್ಕಿಲ್ಲ, ಜಾಸ್ತಿಯೇ ಸಿಕ್ಕಿದೆ. ನಿಕೋಟಿನ್ನೂ ಹಾಗೇ. ಹಾಗಾಗಿ ಗಮ್ ತೆಗೆದುಕೊಳ್ಳುವಾಗ "ಬರೀ ಬೀಡಿ ತಾನೇ" ಅಂತ ಕಮ್ಮಿ ತೆಗೆದುಕೊಳ್ಳಬೇಡಿ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಾದರೆ ನಿಮಗೆ ಬೇಕಾದ್ದು 4 ಮಿಲಿಗ್ರಾಂ ಗಮ್. ಅದಕ್ಕೆ ವೈದ್ಯರ ಚೀಟಿ ಬೇಕು. 2 ಮಿಲಿಗ್ರಾಮಿನದು ಚೀಟಿ ಇಲ್ಲದೆ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಹೃದಯದ ತೊಂದರೆ ಇದ್ದರೆ ಮೊದಲು ವೈದ್ಯರಿಗೆ ಹೇಳಿ. ತಂಬಾಕಿನ ಪೊಟ್ಟಣದ ಮೇಲೇ 1800-11-2356 ಅಂತ ಒಂದು ನಂಬರ್ ಅಚ್ಚಾಗಿರುತ್ತದೆ, ಬಿಡಲು ಸಹಾಯ ಮಾಡುವ ಸರ್ಕಾರದ ನಂಬರ್, ಕರೆಗೆ ದುಡ್ಡಿಲ್ಲ.